ಅಕ್ಕನಿಗೆ ಹೆಣ್ಣು ಮಗು ಆಗಿದೆ, ಸ್ಟಾಫ್ ಕಡೆಯಿಂದ ಕಾರ್ಡ್ ಬರೀಬೇಕು, ಈ ಒಕ್ಕಣೆ ಸರಿ ಇದ್ಯಾ ನೋಡಿ

ಪೊನ್ನಂಪೇಟೆ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಸ್ಕೂಲಲ್ಲಿ ಸೈನ್ಸ್ ತಗೊಳ್ಳೋ ಅಕ್ಕನಿಗೆ (ಹೆಸರು ಇಲ್ಲಿ ಹಾಕಲ್ಲ, ನಾವೆಲ್ಲ ಅಕ್ಕ ಅಂತಲೇ ಕರೆಯೋದು) ಹೋದ ಬುಧವಾರ ಹೆಣ್ಣು ಮಗು ಆಯ್ತು. ಮದುವೆ ಆಗಿ 9 ವರ್ಷ ಆದ್ಮೇಲೆ ಆಗಿರೋ ಮಗು. ದಿನ ತುಂಬೋ ಮುಂಚೆನೇ, 34 ವಾರಕ್ಕೇ ಹೆರಿಗೆ ಆಗಿದೆ, ತೂಕ 1.9 ಕೆಜಿ, ಅಕ್ಕ ಮಗು ಇಬ್ರೂ ಮೈಸೂರಲ್ಲಿ ಆಸ್ಪತ್ರೇಲೇ ಇದಾರೆ, ಮಗು ಇನ್ನೂ ಎನ್ಐಸಿಯುನಲ್ಲಿದೆ. ಭಾವ ಆರ್ಮಿ, ಅವ್ರು ಡೆಹ್ರಾಡೂನ್ ಕಡೆಯವ್ರು, ಅತ್ತೆ ಮಾವನಿಗೆ ಕನ್ನಡ ಬರಲ್ಲ, ಅದಕ್ಕೆ ಕಾರ್ಡಲ್ಲಿ ಮೊದ್ಲು ಕನ್ನಡ, ಕೆಳಗೆ ಎರಡು ಸಾಲು ಇಂಗ್ಲಿಷ್ ಅಂತ ಮಾತಾಗಿದೆ.

ಶನಿವಾರ ನಮ್ಮ ಆಫೀಸಿನ ಅಣ್ಣ ಮೈಸೂರಿಗೆ ಹೋಗ್ತಾರೆ, ಅವ್ರ ಕೈಲಿ ಕಳಿಸ್ಬೇಕು. ಡ್ರಾಯಿಂಗ್ ಸರ್ ಕಾರ್ಡ್ ಮಾಡಿ ಕೊಟ್ಟಿದಾರೆ, ಮುಂದ್ಗಡೆ ಕಾಫಿ ಹೂವಿನ ಒಂದು ರೆಂಬೆ ಬಿಡಿಸಿದಾರೆ, ಎಷ್ಟು ಚೆನ್ನಾಗಿದೆ ಅಂದ್ರೆ ಅದ್ರ ಮೇಲೆ ತಪ್ಪು ಕನ್ನಡ ಬರೆಯೋಕೆ ಕೈ ಬರ್ತಿಲ್ಲ. ಸ್ಟಾಫ್ ರೂಮಲ್ಲಿ ಎಲ್ಲಾರೂ ಸೇರಿ ಬರೆದಿರೋದು ಇದು:

"ಹಾರ್ಧಿಕ ಶುಭಾಷಯಗಳು. ಪ್ರೀತಿಯ ಅಕ್ಕ, 9 ವರ್ಷಗಳ ಸುದೀರ್ಘ ಕಾಯುವಿಕೆಯ ನಂತರ ನಿಮ್ಮ ಮಡಿಲಿಗೆ ಸಾಕ್ಷಾತ್ ಮಹಾಲಕ್ಷ್ಮಿಯೇ ಬಂದಿದ್ದಾಳೆ. ನಿನ್ನ ಎಲ್ಲಾ ಕಷ್ಟಗಳು ಇಂದಿಗೆ ಮುಗಿದವು. ಮಗು ಬೇಗ ಗುಂಡು ಗುಂಡಾಗಿ ಮನೆಗೆ ಬರಲಿ. ಫೋಟೋಗಾಗಿ ಕಾಯುತ್ತಿದ್ದೇವೆ."

ಇಂಗ್ಲಿಷ್ ಸಾಲು ಇಲ್ಲಿ ಕನ್ನಡ ಅಕ್ಷರದಲ್ಲೇ ಹಾಕ್ತೀನಿ, ಕಾರ್ಡಲ್ಲಿ ಇಂಗ್ಲಿಷಲ್ಲೇ ಬರೀತೀವಿ: "ಕಂಗ್ರಾಚುಲೇಷನ್ ಫಾರ್ ಯುವರ್ ನ್ಯೂ ಬಾರ್ನ್ ಬೇಬಿ. ವಿಶ್ ಯು ಆಲ್ ದ ಬೆಸ್ಟ್ ಫಾರ್ ಫ್ಯೂಚರ್."

ಕಾರ್ಡ್ ಜೊತೆ ಒಂದು ಬಾಟ್ಲು ಜೇನು ಕಳಿಸೋಣ ಅಂತಾನೂ ಇದೆ, ನಮ್ಮ ಊರಿಂದೇ, ಮಗು ನಾಲಿಗೆಗೆ ಮುಟ್ಟಿಸ್ಲಿ ಅಂತ. ನೋಡಿ ಹೇಳಿ ಪ್ಲೀಸ್.

ನಾಪೋಕ್ಲು ಹುಡುಗ

ಮೊದ್ಲು ಅಕ್ಕನಿಗೆ ನನ್ನ ಕಡೆಯಿಂದಾನೂ ಹೇಳಿ. ಆದ್ರೆ ಶುಭಾಶಯ ಅಂತ ಹಾಕ್ಬೇಡಿ, ಅದು ಹಬ್ಬಕ್ಕೆ, ಬರ್ತ್‌ಡೇಗೆ ಮಾತ್ರ. ಮಗು ಆದಾಗ, ಪ್ರಮೋಷನ್ ಆದಾಗ ಅಭಿನಂದನೆ ಮಾತ್ರ ಬರೀಬೇಕು, ಶುಭಾಶಯ ಬರೆದ್ರೆ ತಪ್ಪು.

ನಿವೃತ್ತ ಮೇಷ್ಟ್ರು ಸೋಮವಾರಪೇಟೆ

ಟೀಚರಮ್ಮ, ತಾಯಿ ಮಗು ಇಬ್ಬರಿಗೂ ಒಳ್ಳೇದಾಗ್ಲಿ.

ನಾಪೋಕ್ಲಿನ ತಮ್ಮ ಹೇಳಿದ್ದು ಅರ್ಧ ಸರಿ. ಅಭಿನಂದನೆ ಅಂದ್ರೆ ಆಗಿರೋ ಒಳ್ಳೇದಕ್ಕೆ ನಾವು ಖುಷಿ ಪಡೋದು, ಆ ಪದದೊಳಗೆ ಇರೋದೇ ಆನಂದ. ಶುಭಾಶಯ ಅಂದ್ರೆ ಶುಭ ಆಗ್ಲಿ ಅನ್ನೋ ಆಶಯ, ಅಂದ್ರೆ ಇನ್ನೂ ಆಗಬೇಕಾಗಿರೋದಕ್ಕೆ. ಮಗು ಹುಟ್ಟಿದೆ, ಅದಕ್ಕೆ ಅಪ್ಪ ಅಮ್ಮನಿಗೆ ಅಭಿನಂದನೆ. ಆ ಮಗು ಇನ್ನು ಬೆಳೀಬೇಕು, ಅದಕ್ಕೆ ಶುಭಾಶಯ. ಹಂಗಾಗಿ ಒಂದೇ ಕಾರ್ಡಲ್ಲಿ ಎರಡೂ ಬರಬಹುದು, ತಪ್ಪೇನಿಲ್ಲ, ಯಾರಿಗೆ ಯಾವುದು ಅಂತ ಗೊತ್ತಿದ್ರೆ ಆಯ್ತು. ಇಂಗ್ಲಿಷಲ್ಲೂ ಹಿಂಗೇ ಅಲ್ವಾ, ಕಂಗ್ರಾಚುಲೇಷನ್ಸ್ ಬೇರೆ, ಬೆಸ್ಟ್ ವಿಷಸ್ ಬೇರೆ.

ಇನ್ನು ಕಾಗುಣಿತ. ಶುಭಾಶಯ, ಶುಭ ಆಶಯ ಕೂಡಿದ್ದು, ಆಶಯದಲ್ಲಿ ಶ ಇದೆ, ಷ ಬರಲ್ಲ. ಈ ತಪ್ಪು ನಮ್ಮ ಜಿಲ್ಲೆಯ ಅರ್ಧ ಫ್ಲೆಕ್ಸ್‌ಗಳಲ್ಲಿ ಇದೆ, ಮಕ್ಕಳು ಅದನ್ನ ನೋಡ್ಕೊಂಡೇ ಕಲೀತಾರೆ, ನೋಡಿದಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ. ಹಾರ್ದಿಕ ಬಂದಿರೋದು ಹೃದಯದಿಂದ, ಹೃದಯದಲ್ಲಿ ಯಾವ ದ ಇದ್ಯೋ ಅದೇ ದ, ಧ ಅಲ್ಲ. ಮತ್ತೆ ಒಂದು ಸಾಲಲ್ಲಿ "ನಿಮ್ಮ ಮಡಿಲು", ಮುಂದಿನ ಸಾಲಲ್ಲೇ "ನಿನ್ನ ಕಷ್ಟ" ಆಗಿದೆ. ಹತ್ತು ಜನ ಸೇರಿ ಬರೆದಾಗ ಹಂಗಾಗೋದು ಸಹಜ, ಆದ್ರೆ ಯಾವುದಾದ್ರೂ ಒಂದನ್ನೇ ಇಟ್ಕೊಳಿ. ಸ್ಕೂಲಲ್ಲಿ ಅವ್ರನ್ನ ಏನಂತ ಮಾತಾಡಿಸ್ತೀರೋ ಅದೇ ಇರ್ಲಿ.

ಪೊನ್ನಂಪೇಟೆ ಟೀಚರ್

ಸರ್ ತುಂಬಾ ಥ್ಯಾಂಕ್ಸ್. ಅಕ್ಕನ್ನ ನಾವು "ನೀವು" ಅಂತಾನೇ ಮಾತಾಡೋದು, ನನಗಿಂತ 6 ವರ್ಷ ದೊಡ್ಡೋರು. "ನಿನ್ನ" ಅಂತ ಬರೆದಿದ್ದು ನಮ್ಮ ಹೆಡ್ ಮಿಸ್, ಅವ್ರು ಎಲ್ಲರಿಗಿಂತ ಹಿರಿಯರಲ್ವಾ, ಅದಕ್ಕೆ.

ಕುಶಾಲನಗರ ಶಶಿ

ನಾನು ಹೇಳೋದನ್ನ ದಯವಿಟ್ಟು ತಪ್ಪು ತಿಳ್ಕೋಬೇಡಿ ಟೀಚರ್, ನಿಮ್ಮ ಪ್ರೀತಿ ಆ ಕಾರ್ಡಲ್ಲಿ ಕಾಣ್ತಿದೆ. ಆದ್ರೆ "9 ವರ್ಷಗಳ ಕಾಯುವಿಕೆ" ಅನ್ನೋದನ್ನ ತೆಗೀರಿ.

ನಂಗೆ ಮಗ ಹುಟ್ಟಿದ್ದು ಮದುವೆ ಆಗಿ 7 ವರ್ಷಕ್ಕೆ. ಆ ಏಳು ವರ್ಷದಲ್ಲಿ ಎರಡು ಸಲ ಹೋಗಿತ್ತು, ಒಂದು ಸಲ ಮೂರು ತಿಂಗಳಲ್ಲಿ, ಇನ್ನೊಂದು ಸಲ ಐದರಲ್ಲಿ, ಅದು ಮನೆಯವ್ರಿಗೆ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ. ಮಗ ಹುಟ್ಟಿದ ದಿನ ನಮ್ಮ ಯಜಮಾನ್ರ ಆಫೀಸಿಂದ ಒಂದು ದೊಡ್ಡ ಕಾರ್ಡ್ ಬಂತು, ಅದ್ರಲ್ಲಿ "ಕೊನೆಗೂ ಏಳು ವರ್ಷದ ನಂತರ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ರು. ಒಳ್ಳೆ ಮನಸ್ಸಿಂದಾನೇ ಬರೆದಿದ್ರು, ಅದು ನಂಗೊತ್ತು. ಆದ್ರೆ ನಾನು ಮಗು ಪಕ್ಕದಲ್ಲಿ ಮಲಗಿ ಅದನ್ನ ಓದಿದಾಗ ನೆನಪಾಗಿದ್ದು ಹೋದ ಎರಡೂನೂ, ಎಷ್ಟು ಅತ್ತೆ ಅಂದ್ರೆ ನರ್ಸ್ ಬಂದು ಏನಾಯ್ತು ಅಂತ ಕೇಳಿದ್ರು. ಆ ಕಾರ್ಡ್ ಈಗ್ಲೂ ಬೀರುವಲ್ಲಿದೆ, ಮಗನಿಗೆ ತೋರ್ಸಿಲ್ಲ.

ಎಷ್ಟು ವರ್ಷ ಕಾದ್ವಿ ಅನ್ನೋದು ಅವ್ರೇ ಹೇಳ್ಕೊಂಡ್ರೆ ಹೇಳ್ಕೊಳ್ಳಿ, ನಾವು ಎಣಿಸಿ ಬರೀಬಾರದು.

ಪೊನ್ನಂಪೇಟೆ ಟೀಚರ್

ಶಶಿ ಅಕ್ಕ, ಓದಿ ಒಂದ್ನಿಮಿಷ ಸುಮ್ನೆ ಕೂತ್ಕೊಂಡೆ. ತೆಗೆದೆ ಆ ಸಾಲು. ನಮ್ಮ ಅಕ್ಕ ಏನೇನು ಅನುಭವಿಸಿದ್ರೋ ನಮಗೂ ಗೊತ್ತಿಲ್ಲ, ಯಾವತ್ತೂ ಹೇಳ್ಕೊಂಡೋರಲ್ಲ.

ಶನಿವಾರಸಂತೆ ರವಿ

ನಮ್ಮ ಅಣ್ಣನಿಗೂ ಪ್ರಮೋಷನ್ ಆಗಿದೆ, ನಾಯಬ್ ಸುಬೇದಾರ್ ಇದ್ದೋನು ಸುಬೇದಾರ್ ಆದ. ಅಕ್ಕನಿಗೆ ಯಾವ ಪೋಸ್ಟಿಗೆ ಪ್ರಮೋಷನ್ ಆಗಿದ್ದು, ಹೆಡ್ ಮಿಸ್ ಆದ್ರಾ? ನಾನೂ ಅಣ್ಣನಿಗೆ ಏನಾದ್ರೂ ಬರೀಬೇಕು, "ಬಡ್ತಿ" ಅಂತ ಹಾಕ್ಲಾ "ಪದೋನ್ನತಿ" ಅಂತ ಹಾಕ್ಲಾ?

ನಾಪೋಕ್ಲು ಹುಡುಗ

ರವಿ ಅಣ್ಣ, ಇಲ್ಲಿ ಮಗು ಆಗಿರೋದು, ಪ್ರಮೋಷನ್ ಅಂತ ನಾನು ಉದಾಹರಣೆಗೆ ಹೇಳಿದ್ದು ಅಷ್ಟೇ 🙏 ನಿಮ್ಮ ಅಣ್ಣನಿಗೂ ಕಂಗ್ರಾಟ್ಸ್.

ನಿವೃತ್ತ ಮೇಷ್ಟ್ರು ಸೋಮವಾರಪೇಟೆ

ರವಿ, ಸರ್ಕಾರಿ ಕಾಗದದಲ್ಲಿ ಮುಂಬಡ್ತಿ ಅಂತಾರೆ, ಬಡ್ತಿ ಅಂದ್ರೂ ಎಲ್ಲರಿಗೂ ಅರ್ಥ ಆಗುತ್ತೆ. ಆದ್ರೆ ತಮ್ಮ ಅಣ್ಣನಿಗೆ ಬರೆಯೋದಕ್ಕೆ ಆ ಪದ ಯಾಕೆ? "ಅಣ್ಣ, ಇವತ್ತಿಂದ ಸುಬೇದಾರ್ ಸಾಬ್ ಅಂತ ಕರೀಬೇಕು ನಿನ್ನ, ಅಪ್ಪ ಎರಡು ದಿನದಿಂದ ಊರಿಗೆಲ್ಲ ಹೇಳ್ಕೊಂಡು ಬರ್ತಿದಾರೆ" ಅಂತ ಬರಿ. ಹೊಸ ಹುದ್ದೆಯ ಹೆಸರು ಹಿಡಿದು ಕರೆದ್ರೆ ಅದೇ ಅಭಿನಂದನೆ.

ಶನಿವಾರಸಂತೆ ರವಿ

ಸರ್ ಸೂಪರ್. ಅಪ್ಪ ನಿಜವಾಗ್ಲೂ ಹೇಳ್ಕೊಂಡು ಬರ್ತಿದಾರೆ, ನಿನ್ನೆ ಸಂತೇಲಿ ಮೀನು ಮಾರೋರಿಗೂ ಹೇಳಿದ್ರು. ಟೀಚರ್ ಕ್ಷಮಿಸಿ, ಪೂರ್ತಿ ಓದಿರ್ಲಿಲ್ಲ. ಮಗುಗೆ ಒಳ್ಳೇದಾಗ್ಲಿ.

ವಿರಾಜಪೇಟೆ ಸಿಸ್ಟರ್

ನೈಟ್ ಡ್ಯೂಟಿ ಮುಗ್ಸಿ ಈಗ ಬಂದೆ, ಇದನ್ನ ನೋಡಿ ಮಲಗೋಕೆ ಮನಸ್ಸಾಗ್ಲಿಲ್ಲ. 11 ವರ್ಷದಿಂದ ಚಿಕ್ಕ ಮಕ್ಕಳ ವಾರ್ಡಲ್ಲಿ ಕೆಲಸ ಮಾಡ್ತಿದೀನಿ.

ಎಲ್ಲಕ್ಕಿಂತ ಮೊದ್ಲು, ಜೇನು ಕಳಿಸ್ಬೇಡಿ. ದಯವಿಟ್ಟು. ಒಂದು ವರ್ಷ ತುಂಬೋ ತನಕ ಯಾವ ಮಗುಗೂ ಜೇನು ಮುಟ್ಟಿಸ್ಬಾರದು, ಬೆರಳ ತುದೀಲಿ ಒಂದು ಹನಿನೂ ಬೇಡ. ಜೇನಲ್ಲಿ ಒಂದು ಥರ ಬ್ಯಾಕ್ಟೀರಿಯಾದ ಬೀಜ ಇರಬಹುದು, ದೊಡ್ಡೋರ ಹೊಟ್ಟೇಲಿ ಅದು ಏನೂ ಮಾಡಲ್ಲ, ಆದ್ರೆ ಎಳೆ ಕರುಳಲ್ಲಿ ಮೊಳೆತು ವಿಷ ಬಿಡುತ್ತೆ, ಮಗು ಮೈಯೆಲ್ಲ ಸಡಿಲ ಆಗುತ್ತೆ, ಹಾಲು ಎಳೆಯೋಕಾಗಲ್ಲ, ಅಳೋ ಸದ್ದೇ ಸಣ್ಣಗಾಗುತ್ತೆ, ಉಸಿರಾಟಕ್ಕೂ ತೊಂದ್ರೆ. ಅಪರೂಪ ನಿಜ, ಆದ್ರೆ ಬಂದ್ರೆ ಬಲು ಕೆಟ್ಟದ್ದು. ಜೇನು ಎಷ್ಟು ಶುದ್ಧ, ಯಾವ ಕಾಡಿಂದು ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ, ಕಾಯಿಸಿದ್ರೂ ಅದು ಸಾಯಲ್ಲ. ನಿಮ್ಮದು 34 ವಾರದ ಮಗು ಬೇರೆ.

ಇನ್ನು ಕಾರ್ಡ್. "ಬೇಗ ಗುಂಡು ಗುಂಡಾಗಿ" ಅನ್ನೋದು ಕೇಳೋಕೆ ಮುದ್ದಾಗಿದೆ, ಆದ್ರೆ ಎನ್ಐಸಿಯು ಹೊರಗೆ ಕೂತಿರೋ ತಾಯಿಗೆ ಆ ಮಾತು ಹೆಂಗೆ ಕೇಳ್ಸುತ್ತೆ ಅಂತ ನಾನು ದಿನಾ ನೋಡ್ತೀನಿ. ಹುಟ್ಟಿದ ಮಗು ಮೊದಲ ಕೆಲವು ದಿನ ತೂಕ ಇಳಿಯೋದು ಮಾಮೂಲಿ, ತಿಂಗಳು ತುಂಬಿ ಹುಟ್ಟಿದ್ದೂ ಇಳಿಯುತ್ತೆ, ಇವು ಸ್ವಲ್ಪ ಜಾಸ್ತಿ ಇಳಿಯುತ್ವೆ, ಮತ್ತೆ ಹುಟ್ಟಿದ ತೂಕಕ್ಕೆ ಬರೋಕೆ ಎರಡು ವಾರ, ಕೆಲವು ಸಲ ಇನ್ನೂ ಹೆಚ್ಚೇ ಬೇಕಾಗುತ್ತೆ. ಈಗ ನಿಮ್ಮ ಕಾರ್ಡ್ ಹೋಗೋ ಹೊತ್ತಿಗೆ 1.9 ಇದ್ದಿದ್ದು 1.8 ಆಗಿರಬಹುದು. ಬೆಳಿಗ್ಗೆ ತಕ್ಕಡಿ ಮೇಲೆ ಆ ನಂಬರ್ ನೋಡಿ ಬಂದಿರ್ತಾರೆ, ಹತ್ತು ಗ್ರಾಂ ಏರಿದ್ರೆ ಫೋನ್ ಮಾಡಿ ಮನೆಯವ್ರಿಗೆಲ್ಲ ಹೇಳ್ತಾರೆ, ಇಪ್ಪತ್ತು ಇಳಿದ್ರೆ ಊಟ ಬಿಡ್ತಾರೆ. ಅಂಥೋರ ಕೈಗೆ ಮಗು ದಪ್ಪ ಆಗ್ಲಿ ಅಂತ ಬರೆದು ಕೊಡ್ಬೇಡಿ.

"ಎಲ್ಲಾ ಕಷ್ಟ ಮುಗಿದವು" ಅನ್ನೋದೂ ಬೇಡ, ಅವ್ರಿಗೆ ಈಗ್ಲೇ ಶುರು. ಮೂರು ಗಂಟೆಗೊಂದು ಸಲ ಹಾಲು ಹಿಂಡಿ ಕೊಡ್ಬೇಕು, ರಾತ್ರಿನೂ. ಮಗುನ ಎದೆಗೆ ಚರ್ಮಕ್ಕೆ ಚರ್ಮ ತಾಗೋ ಹಂಗೆ ಕಟ್ಕೊಂಡು ಗಂಟೆಗಟ್ಲೆ ಕೂರ್ಬೇಕು, ನಾವು ಕಾಂಗರೂ ಕೇರ್ ಅಂತೀವಿ. ಹೊಲಿಗೆ ನೋವು ಇದ್ರೂ ಕೂರ್ತಾರೆ.

ಹಂಗಾದ್ರೆ ಬರೆಯೋದೇ ಬೇಡ್ವಾ ಅಂದ್ರೆ ಖಂಡಿತ ಬರೀರಿ, ಈಗ್ಲೇ ಬರೀರಿ. ಮಗು ಎನ್ಐಸಿಯುನಲ್ಲಿದೆ ಅಂತ ಎಷ್ಟೋ ಜನ ಅಭಿನಂದನೆನೇ ಹೇಳಲ್ಲ, ಮನೆಗೆ ಬಂದ್ಮೇಲೆ ಹೇಳೋಣ ಅಂತ ಸುಮ್ನಿರ್ತಾರೆ. ಹೋದ ವರ್ಷ ಒಬ್ಳು ತಾಯಿ ನಂಗೆ ಹೇಳಿದ್ಳು, ಸಿಸ್ಟರ್ ಎಲ್ಲಾರೂ ಹೆಂಗಿದೆ ಮಗು ಅಂತ ಕೇಳ್ತಾರೆ, ನಂಗೆ ಮಗು ಆಗಿದ್ದು ಖುಷಿ ಅಂತ ಒಬ್ರೂ ಹೇಳ್ಲಿಲ್ಲ ಅಂತ. ಆ ಮಾತು ಕೇಳಿದ್ಮೇಲೆ ನಾನು ನಮ್ಮ ವಾರ್ಡಿಗೆ ಬರೋ ಪ್ರತಿ ತಾಯಿಗೂ ಮೊದ್ಲು ಕಂಗ್ರಾಚುಲೇಷನ್ಸ್ ಹೇಳ್ತೀನಿ, ಆಮೇಲೆ ಉಳಿದಿದ್ದು.

ಪೊನ್ನಂಪೇಟೆ ಟೀಚರ್

ಸಿಸ್ಟರ್, ಜೇನಿನ ವಿಷ್ಯ ನಮ್ಮಲ್ಲಿ ಒಬ್ರಿಗೂ ಗೊತ್ತಿರ್ಲಿಲ್ಲ. ಬಾಟ್ಲು ಆಗ್ಲೇ ಪ್ಯಾಕ್ ಮಾಡಿ ಇಟ್ಟಿದ್ರು, ಈಗ ಬಿಚ್ಚಿಸ್ತೀನಿ. ನೀವು ನಿದ್ದೆ ಬಿಟ್ಟು ಇಷ್ಟು ಬರೆದ್ರಲ್ಲ, ಹೆಂಗೆ ಥ್ಯಾಂಕ್ಸ್ ಹೇಳ್ಲಿ.

ಭಾಗಮಂಡಲ ಅಜ್ಜಿ ಮೊಮ್ಮಗ

ನಮ್ಮ ಅಜ್ಜಿ ಪಕ್ಕದಲ್ಲೇ ಕೂತಿದಾರೆ, ಓದಿ ಹೇಳ್ದೆ. ಅವ್ರು ಹೇಳ್ತಿರೋದು, ನಮಗೆಲ್ಲ ಹುಟ್ಟಿದ ದಿನಾನೇ ಜೇನು ಮುಟ್ಟಿಸಿದಾರೆ, ಏನೂ ಆಗಿಲ್ಲ, ಎಂಟು ಮಕ್ಕಳು ಸಾಕಿದೀನಿ ಅಂತ.

ವಿರಾಜಪೇಟೆ ಸಿಸ್ಟರ್

ಅಜ್ಜಿಗೆ ನನ್ನ ನಮಸ್ಕಾರ ಹೇಳಪ್ಪ. ಅವ್ರ ಎಂಟೂ ಮಕ್ಕಳು ಚೆನ್ನಾಗಿರೋದು ದೇವರ ದಯೆ. ಹೆಚ್ಚಿನ ಮಕ್ಕಳಿಗೆ ಏನೂ ಆಗಲ್ಲ, ಅದು ಸತ್ಯ. ಆದ್ರೆ ಯಾವ ಮಗುಗೆ ಆಗುತ್ತೆ ಅಂತ ಮುಂಚೆ ಗೊತ್ತಾಗೋಕೆ ದಾರಿ ಇಲ್ಲ, ಅದಕ್ಕೇ ಯಾರಿಗೂ ಬೇಡ ಅನ್ನೋದು. ಅಜ್ಜಿ ಒಪ್ಪದಿದ್ರೆ ಮನೆ ಹತ್ರದ ಆಶಾ ಕಾರ್ಯಕರ್ತೆ ಹತ್ರ ಮಾತಾಡ್ಸಿ.

ಮಡಿಕೇರಿ ಪೊನ್ನಿ

ನಂಗೆ ಮಹಾಲಕ್ಷ್ಮಿ ಸಾಲಿನ ಬಗ್ಗೆ ಹೇಳ್ಬೇಕು. ಇದನ್ನ ಬರೆಯೋರೆಲ್ಲ ಪ್ರೀತಿಯಿಂದಾನೇ ಬರೀತಾರೆ, ಆದ್ರೆ ಗಂಡು ಮಗು ಆದಾಗ ಯಾರಾದ್ರೂ "ಸಾಕ್ಷಾತ್ ನಾರಾಯಣ ಬಂದ" ಅಂತ ಬರೀತಾರಾ? ಬರಿಯಲ್ಲ, ಕಂಗ್ರಾಟ್ಸ್ ಅಂತಾರೆ, ಸ್ವೀಟ್ ಎಲ್ಲಿ ಅಂತಾರೆ. ನಂಗೆ ಮಗಳು ಹುಟ್ಟಿದಾಗ ಬಂದ ಮೆಸೇಜಲ್ಲಿ ಲಕ್ಷ್ಮಿ ಅಂತ ಬರೆದೋರಲ್ಲಿ ಅರ್ಧ ಜನ ಕೆಳಗೆ "ಬೇಜಾರ್ ಮಾಡ್ಕೋಬೇಡ" ಅಂತಾನೂ ಬರೆದಿದ್ರು. ಬೇಜಾರ್ ಮಾಡ್ಕೊಳ್ಳೋಕೆ ಏನಿತ್ತು? ಆಗಿಂದ ಆ ಪದ ಕಂಡ್ರೆ ಸಮಾಧಾನ ಹೇಳ್ತಿದಾರೇನೋ ಅನ್ಸುತ್ತೆ.

ನಮ್ಮ ಕೊಡವ ಮನೆಗಳಲ್ಲಿ ಹಿಂದೆ ಗಂಡು ಹುಟ್ಟಿದ್ರೆ ಒಂದು ಗುಂಡು ಹಾರಿಸೋರು, ಊರಿಗೆ ಗೊತ್ತಾಗ್ಲಿ ಅಂತ, ಎಳೆ ಕೈಗೆ ಹರಳು ಗಿಡದ ಕಡ್ಡೀಲಿ ಮಾಡಿದ ಪುಟ್ಟ ಬಿಲ್ಲು ಬಾಣ ಕೊಡೋರು. ನನ್ನ ಮಗಳು ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಮ್ಮ ಮಾವ ಯಾರನ್ನೂ ಕೇಳ್ಲಿಲ್ಲ, ಕೋವಿ ತಂದ್ರು, ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸಿದ್ರು. ಗದ್ದೆ ಆಚೆ ಕಡೆ ಮನೆಯವ್ರು ಗಂಡು ಮಗುನಾ ಅಂತ ಕೂಗಿ ಕೇಳಿದ್ರು, ಮಾವ ಅಲ್ಲಿಂದಾನೇ "ಮೊಮ್ಮಗಳು" ಅಂತ ಕೂಗಿದ್ರು. ನಂಗೆ ಬಂದ ಅಭಿನಂದನೇಲಿ ಅದೇ ದೊಡ್ಡದು.

ಕುಶಾಲನಗರ ಶಶಿ

ಪೊನ್ನಿ, ಓದಿ ಕಣ್ಣು ತುಂಬ್ತು.

ಸುಂಟಿಕೊಪ್ಪ ಲಲಿತಮ್ಮ

ಪೊನ್ನಿ ಹೇಳಿದ್ದು ಅರ್ಥ ಆಗುತ್ತೆ ಮಗ, ಆದ್ರೆ ನಾನು ಒಪ್ಪಲ್ಲ. ನಮ್ಮ ಮನೇಲಿ ಮೂರೂ ಹೆಣ್ಣು ಮಕ್ಕಳು, ಮೂರು ಸಲಾನೂ ನಮ್ಮ ತಾಯಿ ಬಾಗಿಲಲ್ಲಿ ಆರತಿ ಎತ್ತಿ ಲಕ್ಷ್ಮಿ ಬಂದ್ಳು ಅಂದ್ರು, ಅವ್ರ ಬಾಯಲ್ಲಿ ಅದು ಸಮಾಧಾನ ಆಗಿರ್ಲಿಲ್ಲ, ಹಬ್ಬ ಆಗಿತ್ತು. ಬೇಜಾರ್ ಮಾಡ್ಕೋಬೇಡ ಅನ್ನೋದು ತಪ್ಪು, ಅದನ್ನ ಬಿಡ್ಸೋಣ. ಲಕ್ಷ್ಮಿನ ಯಾಕೆ ಬಿಡ್ಬೇಕು?

ಮಡಿಕೇರಿ ಪೊನ್ನಿ

ನಿಮ್ಮ ತಾಯಿ ಹೇಳಿದ್ರೆ ನಂಗೂ ಖುಷಿನೇ ಆಗ್ತಿತ್ತು ಲಲಿತಮ್ಮ. ಆರತಿ ತಟ್ಟೆ ಹಿಡಿದು ನಿಂತೋರ ಬಾಯಿಂದ ಬರೋದು ಬೇರೆ, ಕಾರ್ಡಲ್ಲಿ ಅಚ್ಚಾಗಿ ಬರೋದು ಬೇರೆ ಅಂತ ನಂಗೆ ಅನ್ಸುತ್ತೆ. ಟೀಚರ್, ಅಕ್ಕನ ಸ್ವಭಾವ ನಿಮಗೆ ಗೊತ್ತು, ನೀವೇ ನೋಡಿ.

ನಾಪೋಕ್ಲು ಹುಡುಗ

ಇಂಗ್ಲಿಷ್ ಸಾಲು ಯಾರೂ ನೋಡ್ಲಿಲ್ಲ. ಕಂಗ್ರಾಚುಲೇಷನ್ಸ್ ಅಂತ ಕೊನೇಲಿ ಎಸ್ ಬೇಕೇ ಬೇಕು. ಒಬ್ಬರಿಗೆ ಹೇಳಿದ್ರೂ ಎಸ್ ಇರುತ್ತೆ. ಮತ್ತೆ ಫಾರ್ ಅಲ್ಲ, "ಆನ್". ಕನ್ನಡದಲ್ಲಿ "ಮಗು ಆಗಿದ್ದಕ್ಕೆ" ಅಂತೀವಲ್ಲ, ಆ "ಅದಕ್ಕೆ"ನ ಹಂಗೇ ತಗೊಂಡು ಹೋಗಿ ಫಾರ್ ಅಂತ ಹಾಕ್ತೀವಿ, ನಾನು ಕಾಲೇಜಲ್ಲಿ ಹಿಂಗೇ ಬರೆದು ಲೆಕ್ಚರರ್ ಕೆಂಪು ಇಂಕಲ್ಲಿ ತಿದ್ದಿದ್ರು. "ವಿಶ್ ಯು ಆಲ್ ದ ಬೆಸ್ಟ್" ಅನ್ನೋದು ಎಕ್ಸಾಮಿಗೆ ಹೋಗೋರಿಗೆ ಹೇಳೋ ಥರ ಆಗುತ್ತೆ.

ನಿವೃತ್ತ ಮೇಷ್ಟ್ರು ಸೋಮವಾರಪೇಟೆ

ತಮ್ಮ ಇದು ಪೂರ್ತಿ ಸರಿ ಹೇಳಿದ. ನ್ಯೂ ಬಾರ್ನ್ ಬೇಬಿ ಅಂತಾನೂ ಬೇಕಿಲ್ಲ, ಅತ್ತೆ ಮಾವ ಓದ್ತಾರಲ್ವಾ, ಯುವರ್ ಡಾಟರ್, ಯುವರ್ ಗ್ರಾಂಡ್‌ಡಾಟರ್ ಅಂತ ಸಂಬಂಧ ಹಿಡಿದು ಹೇಳಿದ್ರೆ ಅವ್ರಿಗೂ ತಮ್ಮನ್ನೂ ನೆನೆಸ್ಕೊಂಡ್ರಲ್ಲ ಅನ್ಸುತ್ತೆ. ಕನ್ನಡದ ಸಾಲನ್ನ ಪದಕ್ಕೆ ಪದ ಇಂಗ್ಲಿಷ್ ಮಾಡೋಕೆ ಹೋಗ್ಬೇಡಿ, ಎರಡು ಸಾಲಲ್ಲಿ ಹೇಳೋದನ್ನ ಹೇಳಿ ನಿಲ್ಲಿಸಿ.

ಗೋಣಿಕೊಪ್ಪ ಬಿದ್ದಪ್ಪ

ಅಭಿನಂದನೆ ಅನ್ನೋ ಪದಾನೇ ನಂಗೆ ಹಿಡ್ಸಲ್ಲ ಮೇಷ್ಟ್ರೆ. ಅದು ಶಾಲು ಹೊದಿಸಿ ಹಾರ ಹಾಕೋ ಕಡೆ ಬರೋ ಪದ. ಮನೆಯವ್ರಿಗೆ ಯಾರು ಹಂಗಂತಾರೆ? "ಸುದ್ದಿ ಕೇಳಿ ಎಷ್ಟು ಖುಷಿ ಆಯ್ತು ಗೊತ್ತಾ" ಅಂದ್ರೆ ಸಾಕು. ಇನ್ನೊಂದು, ಅಕ್ಕ ಕೊಡವರಾದ್ರೆ ಅವ್ರ ಮಾತಲ್ಲೇ ಒಂದು ಸಾಲು ಹಾಕಿ, "ಕಾವೇರಮ್ಮೆ ನಲ್ಲದ್ ಮಾಡಡ್". ಕಾವೇರಮ್ಮ ಒಳ್ಳೇದು ಮಾಡ್ಲಿ ಅಂತ. ನಮ್ಮಲ್ಲಿ ದಿನಾ ಆಡೋ ಮಾತು, ಬೇರೆ ಯಾವ ಭಾಷೇಲಿ ಹೇಳಿದ್ರೂ ಆ ಬಿಸಿ ಬರಲ್ಲ.

ನಿವೃತ್ತ ಮೇಷ್ಟ್ರು ಸೋಮವಾರಪೇಟೆ

ಬಿದ್ದಪ್ಪನವ್ರೆ, ಕೊಡವ ಸಾಲು ಖಂಡಿತ ಇರ್ಲಿ. ಆದ್ರೆ ಅಭಿನಂದನೆ ಬರೀ ವೇದಿಕೆ ಮಾತು ಅನ್ನೋದನ್ನ ನಾನು ಒಪ್ಪಲ್ಲ, ಒಬ್ಬಳು ತಾಯಿ ಒಂದು ಜೀವ ಹೊತ್ತು ಹೆತ್ತಿದಾಳೆ ಅಂದ್ರೆ ಶಾಲು ಹೊದಿಸೋ ಅಷ್ಟು ದೊಡ್ಡ ಮಾತು ಅವಳಿಗೂ ಸಲ್ಲಬೇಕು.

ಗೋಣಿಕೊಪ್ಪ ಬಿದ್ದಪ್ಪ

ಆ ಲೆಕ್ಕದಲ್ಲಿ ಸರಿ ಮೇಷ್ಟ್ರೆ. ಆದ್ರೂ ನಾನಾಗಿದ್ರೆ ಖುಷಿ ಆಯ್ತು ಅಂತಾನೇ ಬರೀತಿದ್ದೆ.

ವಿರಾಜಪೇಟೆ ಸಿಸ್ಟರ್

ನಿದ್ದೆ ಮಾಡಿ ಎದ್ದೆ. ಫೋಟೋ ಸಾಲು ಇನ್ನೂ ಇದ್ಯಾ ಅಂತ ನೋಡೋಕೆ ಬಂದೆ. ತೆಗೀರಿ ಟೀಚರ್. ಆ ಮಗುಗೆ ಈಗ ಮೂಗಲ್ಲಿ ಹಾಲಿನ ಟ್ಯೂಬ್ ಇರಬಹುದು, ಕಾಲಿಗೆ ಸೆನ್ಸರ್ ಕಟ್ಟಿರ್ತಾರೆ, ಎಷ್ಟೋ ತಾಯಂದಿರು ಹಂಗೆ ಇರೋ ಫೋಟೋ ಕಳಿಸೋಕೆ ಇಷ್ಟ ಪಡಲ್ಲ, ಹೆಸರಿಡೋ ತನಕ ತೋರಿಸ್ಬಾರದು ಅನ್ನೋ ಮನೆಗಳೂ ಇವೆ. ಅದ್ರ ಬದ್ಲು "ಉತ್ತರ ಬರೆಯೋ ಅವಸರ ಬೇಡ" ಅಂತ ಒಂದು ಸಾಲು ಹಾಕಿ. ಅವ್ರ ಫೋನಲ್ಲಿ ಈಗ ನೂರು ಮೆಸೇಜ್ ಇರುತ್ತೆ, ಒಂದಕ್ಕೂ ರಿಪ್ಲೈ ಮಾಡೋಕಾಗಿಲ್ಲ ಅಂತ ಅದೊಂದು ಸಂಕಟ ಬೇರೆ. ಮತ್ತೆ ಶನಿವಾರ ಹೋಗೋ ಅಣ್ಣನಿಗೆ ಹೇಳಿ, ಕಾರ್ಡ್ ಭಾವನ ಕೈಲಿ ಕೊಟ್ಟು ಬರ್ಲಿ, ಮಗು ನೋಡ್ತೀನಿ ಅಂತ ಕಾಯೋದು ಬೇಡ, ನೆಗಡಿ ಏನಾದ್ರೂ ಇದ್ರೆ ಮೇಲೆ ಹೋಗೋದೇ ಬೇಡ.

ಪೊನ್ನಂಪೇಟೆ ಟೀಚರ್

ಎಲ್ಲರ ಮಾತೂ ಸ್ಟಾಫ್ ರೂಮಲ್ಲಿ ಜೋರಾಗಿ ಓದಿದೆ. ಹೊರಗೆ ಮಳೆ ಹೊಡೀತಿತ್ತು, ಕರೆಂಟ್ ಹೋಗಿತ್ತು, ಮೊಬೈಲ್ ಬೆಳಕಲ್ಲಿ ಕೂತು ಮತ್ತೆ ಬರೆದ್ವಿ. ಲಕ್ಷ್ಮಿ ವಿಷ್ಯಕ್ಕೆ ನಮ್ಮಲ್ಲೂ ಎರಡು ಪಾರ್ಟಿ ಆಯ್ತು, ಕೊನೆಗೆ ಹೆಡ್ ಮಿಸ್, ನಾನು ಮಗುನ ನೋಡೋಕೆ ಹೋದಾಗ ಬಾಯಲ್ಲೇ ಹೇಳ್ತೀನಿ ಬಿಡಿ ಅಂದ್ರು. ಈಗ ಇದು:

"ಪ್ರೀತಿಯ ಅಕ್ಕ, ಪ್ರೀತಿಯ ಭಾವ,

ನಿಮಗೆ ಮಗಳು ಹುಟ್ಟಿದ್ದಾಳೆ ಅನ್ನೋ ಸುದ್ದಿ ಬುಧವಾರ ಮೂರನೇ ಪಿರಿಯಡ್‌ನಲ್ಲಿ ಬಂತು. ಸ್ಟಾಫ್ ರೂಮಿನಿಂದ ಆಫೀಸಿನವರೆಗೆ ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಂಡು ಓಡಾಡಿದೆವು. ನಿಮ್ಮಿಬ್ಬರಿಗೂ ಮನಸಾರೆ ಅಭಿನಂದನೆಗಳು. ಪುಟ್ಟಮ್ಮನಿಗೆ ನಮ್ಮೆಲ್ಲರ ಶುಭಾಶಯಗಳು. ಎಂಟನೇ ಕ್ಲಾಸಿನ ಮಕ್ಕಳು ನಿಮ್ಮ ಲ್ಯಾಬಿನ ಗಿಡಗಳಿಗೆ ದಿನಾ ನೀರು ಹಾಕುತ್ತಿದ್ದಾರೆ, ಅದರ ಯೋಚನೆ ಬೇಡ. ಇದಕ್ಕೆ ಉತ್ತರ ಬರೆಯುವ ಅವಸರವೂ ಬೇಡ. ಕಾವೇರಮ್ಮೆ ನಲ್ಲದ್ ಮಾಡಡ್."

ಇಂಗ್ಲಿಷ್: "ಕಂಗ್ರಾಚುಲೇಷನ್ಸ್ ಆನ್ ದ ಬರ್ತ್ ಆಫ್ ಯುವರ್ ಡಾಟರ್, ಆಂಡ್ ಟು ಹರ್ ಗ್ರಾಂಡ್‌ಪೇರೆಂಟ್ಸ್ ಇನ್ ಡೆಹ್ರಾಡೂನ್ ಟೂ. ವಿ ಆರ್ ಸೋ ಹ್ಯಾಪಿ ಫಾರ್ ಆಲ್ ಆಫ್ ಯು."

ಬಿದ್ದಪ್ಪ ಅಣ್ಣ, ಖುಷಿ ಆಯ್ತು ಅನ್ನೋದನ್ನ ಹೇಳದೇನೇ ಹೇಳೋಕೆ ನೋಡಿದೀವಿ.

ನಿವೃತ್ತ ಮೇಷ್ಟ್ರು ಸೋಮವಾರಪೇಟೆ

ಒಂದು ಅಕ್ಷರನೂ ಮುಟ್ಟಲ್ಲ ನಾನು.

ಮಡಿಕೇರಿ ಪೊನ್ನಿ

ಗಿಡಕ್ಕೆ ನೀರು ಹಾಕೋ ಸಾಲು ❤️ ಅಕ್ಕ ಅಲ್ಲೇ ಎರಡು ಸಲ ಓದ್ತಾರೆ ನೋಡಿ.

ಸುಂಟಿಕೊಪ್ಪ ಲಲಿತಮ್ಮ

ಹೆಡ್ ಮಿಸ್‌ಗೆ ನನ್ನ ನಮಸ್ಕಾರ, ಆರತಿ ತಟ್ಟೆ ಮರೀದೇ ತಗೊಂಡು ಹೋಗೋಕೆ ಹೇಳಿ.

ಶನಿವಾರಸಂತೆ ರವಿ

ಟೀಚರ್, ಜೇನಿನ ಬದ್ಲು ಏನು ಕಳಿಸ್ತೀರ?

ವಿರಾಜಪೇಟೆ ಸಿಸ್ಟರ್

ರವಿ ಅವ್ರೆ ಒಳ್ಳೆ ಪ್ರಶ್ನೆ. ಅಮ್ಮನಿಗೆ ಏನಾದ್ರೂ ಕಳಿಸಿ, ಮುಂದ್ಗಡೆ ಬಟನ್ ಇರೋ ಎರಡು ಕಾಟನ್ ನೈಟಿ. ಮಗುನ ಎದೆಗೆ ಕಟ್ಕೊಳ್ಳೋಕೂ ಹಾಲು ಕೊಡೋಕೂ ಅದೇ ಬೇಕು, ಆಸ್ಪತ್ರೇಲಿ ಮಳೆಗಾಲದಲ್ಲಿ ಒಗೆದಿದ್ದು ಒಣಗಲ್ಲ.

ಪೊನ್ನಂಪೇಟೆ ಟೀಚರ್

ನಾಳೆ ಗೋಣಿಕೊಪ್ಪಕ್ಕೆ ಹೋಗಿ ತರ್ತೀನಿ.

ಶನಿವಾರ ರಾತ್ರಿ ಸೇರಿಸ್ತಿದೀನಿ: ಕಾರ್ಡ್ ತಲುಪಿದೆ. ಅಕ್ಕ ಉತ್ತರ ಬರೆದಿಲ್ಲ. ಭಾವ ಫೋನ್ ಮಾಡಿದ್ರು, ಇಂಗ್ಲಿಷ್ ಸಾಲನ್ನ ಅವ್ರ ಅಮ್ಮನಿಗೆ ಫೋನಲ್ಲೇ ಓದಿ ಹೇಳಿದ್ರಂತೆ, ಕನ್ನಡದ್ದನ್ನ ಅಕ್ಕ ಒಂದೊಂದೇ ಪದ ಬಿಡಿಸಿ ಅವ್ರಿಗೆ ಹೇಳ್ಕೊಟ್ರಂತೆ. ಇವತ್ತು ಬೆಳಿಗ್ಗೆ ಮಗು ತೂಕ 1 ಕೆಜಿ 840 ಗ್ರಾಂ, ನಿನ್ನೆಗಿಂತ 15 ಗ್ರಾಂ ಜಾಸ್ತಿ.